ಕಮಟು ವಾಸನೆಯ ಎಚ್ಚರಿಕೆ
(ಪಾಲಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕೆಲವು ದಿನಗಳ ಹಿಂದೆ ನಮ್ಮ ಬಾಲಕನೊಬ್ಬನು ಬುತ್ತಿಯ ರೊಟ್ಟಿಯನ್ನು ತಿಂದು ಶೇಂಗಾ ಚಟ್ನಿಯನ್ನು ಬಿಟ್ಟಿದ್ದನು. ಕೇಳಿದಾಗ “ಕಹಿಯಾಗಿದೆ, ಗುರುಗಳೇ” ಎಂದನು. ಆತನ ತಾಯಿಯವರು ಚಟ್ನಿಯನ್ನು ಹಿಂದಿನ ದಿನವೇ ಕುಟ್ಟಿದ್ದರು. ವಿಚಾರಿಸಲಾಗಿ, ಚಟ್ನಿ ಹೊಸದಾದರೂ ಶೇಂಗಾ ಹಳೆಯದೆಂದು ತಿಳಿಯಿತು. ಸಿಪ್ಪೆ ಬಿಡಿಸಿದ ಕಾಳು ತಿಂಗಳುಗಟ್ಟಲೆ ಒಲೆಯ ಬಳಿ ಡಬ್ಬಿಯಲ್ಲಿತ್ತು. ಬಾಲಕನ ನಾಲಗೆ ಸುಳ್ಳಾಡಿರಲಿಲ್ಲ.

ಎಣ್ಣೆಯ ಅಂಶವು ಗಾಳಿಯಲ್ಲಿರುವ ಆಮ್ಲಜನಕದೊಡನೆ ಮೆಲ್ಲಮೆಲ್ಲನೆ ಕೂಡಿ ಒಡೆಯುತ್ತದೆ. ಆಗ ಹುಟ್ಟುವ ಹೊಸ ಪದಾರ್ಥಗಳೇ ಕಮಟು ವಾಸನೆಗೆ ಕಾರಣ. ಬೆಳಕು ಮತ್ತು ಶಾಖ ಈ ಕ್ರಿಯೆಯನ್ನು ತ್ವರೆಗೊಳಿಸುತ್ತವೆ. ಆದುದರಿಂದ ಕಿಟಕಿಯಲ್ಲಿಟ್ಟ ಗಾಜಿನ ಸೀಸೆಯ ಎಣ್ಣೆಯು ಕತ್ತಲೆಯ ಕಪಾಟಿನಲ್ಲಿರುವ ಎಣ್ಣೆಗಿಂತ ಬೇಗ ಕೆಡುತ್ತದೆ. ಎಣ್ಣೆಯನ್ನು ಬಿಗಿಯಾದ ಮುಚ್ಚಳದ ಪಾತ್ರೆಯಲ್ಲಿ, ಒಲೆಯಿಂದ ದೂರವಿಡಬೇಕು. ಹಳೆಯ ಎಣ್ಣೆ ತಳದಲ್ಲಿರುವಾಗಲೇ ಹೊಸದನ್ನು ಸುರಿಯಬಾರದು. ಕೆಟ್ಟ ಎಣ್ಣೆಯು ಒಳ್ಳೆಯದನ್ನೂ ಬೇಗ ಕೆಡಿಸುತ್ತದೆ. ಪಾತ್ರೆಯನ್ನು ತೊಳೆದು, ಪೂರ್ಣ ಒಣಗಿಸಿ ತುಂಬುವುದು ಲೇಸು. ಶೇಂಗಾವನ್ನಾದರೋ ಸಿಪ್ಪೆಯೊಡನೆ ಇಟ್ಟು ಬೇಕಾದಷ್ಟನ್ನೇ ಬಿಡಿಸಿಕೊಳ್ಳಬೇಕು.

ಸಜ್ಜೆಯ ಹಿಟ್ಟಿನ ಕಥೆ ತುಸು ಬೇರೆ. ಕಾಳನ್ನು ಬೀಸಿದೊಡನೆ ಅದರೊಳಗಿನ ಕಿಣ್ವವು ಕೊಬ್ಬಿನ ಅಂಶವನ್ನು ಸಂಧಿಸಿ ಅದನ್ನು ಒಡೆಯತೊಡಗುತ್ತದೆ. ಆದುದರಿಂದಲೇ ಬೇಸಗೆಯಲ್ಲಿ ಕೆಲವೇ ದಿನಗಳಲ್ಲಿ ಹಿಟ್ಟು ಕಹಿಯಾಗುವುದು. ನಾಲ್ಕೈದು ದಿನಕ್ಕೆ ಸಾಕಾಗುವಷ್ಟನ್ನೇ ಬೀಸಿಸಿರಿ.

ಪರೀಕ್ಷಿಸುವುದು ಹೇಗೆ? ಒಂದೆರಡು ತೊಟ್ಟು ಎಣ್ಣೆಯನ್ನು ಅಂಗೈಯಲ್ಲಿ ಉಜ್ಜಿ, ಬೆಚ್ಚಗಾದ ಮೇಲೆ ಮೂಸಿರಿ. ಹಳೆಯ ಬಣ್ಣದ ಡಬ್ಬಿಯಂತಹ ವಾಸನೆ ಬಂದರೆ ಅದು ಕಮಟಾಗಿದೆ. ಶೇಂಗಾವನ್ನು ಒಂದು ಕಾಳು ಅಗಿದು ನೋಡಿ, ಕಹಿಯೆನಿಸಿದರೆ ಉಗುಳಿಬಿಡಿರಿ. ಹುರಿಯುವುದರಿಂದಾಗಲಿ, ಖಾರ ಬೆರೆಸುವುದರಿಂದಾಗಲಿ ಕೆಟ್ಟದ್ದು ಸರಿಹೋಗದು.

ಇದು ವಿಷವೇ ಎಂದು ತಾಯಂದಿರು ಕೇಳುವರು. ತಿಳಿಯದೆ ಒಮ್ಮೆ ತುಸು ತಿಂದರೆ ಸಾಮಾನ್ಯವಾಗಿ ಅಪಾಯವಿಲ್ಲ. ಕೆಲವರಿಗೆ ಹೊಟ್ಟೆ ಕೆಡಬಹುದು. ಆದರೆ ಇಂತಹ ಎಣ್ಣೆಯಲ್ಲಿ ‘ಇ’ ಜೀವಸತ್ವ ನಾಶವಾಗಿರುತ್ತದೆ. ಬಹಳ ಕೆಟ್ಟ ಎಣ್ಣೆಯನ್ನು ದಿನವೂ ತಿನ್ನಿಸಿದ ಪ್ರಾಣಿಗಳಲ್ಲಿ ಹಾನಿ ಕಂಡುಬಂದಿದೆ. ಆದ್ದರಿಂದ ಅದನ್ನು ರೂಢಿಯಾಗಿ ಬಳಸಲಾಗದು.

ಬೂಸ್ಟು ಹಿಡಿದ ಶೇಂಗಾ ಮಾತ್ರ ಬೇರೆಯೇ ಸಂಗತಿ. ಒಂದು ಬಗೆಯ ಬೂಸ್ಟು ಅಫ್ಲಟಾಕ್ಸಿನ್ ಎಂಬ ವಿಷವನ್ನುಂಟುಮಾಡುತ್ತದೆ. ಅದು ಯಕೃತ್ತಿಗೆ ಘಾತಕ. ಹುರಿದರೂ ಪೂರ್ತಿ ನಾಶವಾಗದು. ಅದಕ್ಕೆ ವಾಸನೆಯೂ ಇಲ್ಲವಾದ್ದರಿಂದ ಇಲ್ಲಿ ಮೂಗನ್ನು ನಂಬಲಾಗದು, ಕಣ್ಣನ್ನೇ ಬಳಸಬೇಕು. ಮುರುಟಿದ, ಬಣ್ಣಗೆಟ್ಟ, ಬೂಸ್ಟು ಕಂಡ ಕಾಳನ್ನು ದನಕ್ಕೂ ಹಾಕದೆ ಎಸೆಯಿರಿ.

ಮಗುವು ಬುತ್ತಿಯನ್ನು ಉಳಿಸಿ ತಂದರೆ ಗದರುವ ಮುನ್ನ ನೀವೂ ಒಂದು ಚಿಟಿಕೆ ರುಚಿ ನೋಡಿರೆಂದು ಕೋರಿ ನಮ್ಮ ಮಾತನ್ನು ಮುಗಿಸುತ್ತೇವೆ.