ತಲೆಬುರುಡೆಯೂ ಮೆಣಸಿನ ಪೊಟ್ಟಣವೂ

(ಕುವೈತ್‌ನ ಶುವೈಖ್‌ನಲ್ಲಿ ಕನ್ನಡಿಗರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಪಠ್ಯ)



ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಒಂದು ಸಣ್ಣ ತೈಲಚಿತ್ರವಿದೆ. ಮರದ ಹಲಗೆಯ ಮೇಲೆ ಬರೆದ ಅದರ ಅಗಲ ಸುಮಾರು 36 ಸೆಂಟಿಮೀಟರ್, ಎತ್ತರ 24. ಹಾರ್ಲೆಮ್ ನಗರದ ಪೀಟರ್ ಕ್ಲಾಸ್ 1628ರಲ್ಲಿ ಅದನ್ನು ಬರೆದ. ಅದರಲ್ಲಿರುವುದು ಹಲ್ಲು ಉದುರಿದ ಒಂದು ತಲೆಬುರುಡೆ, ಬರೆಯುವ ಗರಿ, ಉರುಳಿಬಿದ್ದ ಗಾಜಿನ ಬಟ್ಟಲು, ಈಗಷ್ಟೇ ಆರಿದ ಎಣ್ಣೆದೀಪ.

ಈ ಬಗೆಯ ಚಿತ್ರಗಳನ್ನು 'ವಾನಿಟಾಸ್' ಎನ್ನುತ್ತಾರೆ. ಬೈಬಲ್ಲಿನ 'ಪ್ರಸಂಗಿ' ಗ್ರಂಥದಿಂದ ಬಂದ ಈ ಲ್ಯಾಟಿನ್ ಪದದ ಅರ್ಥ ಶೂನ್ಯತೆ, ವ್ಯರ್ಥತೆ. ಅದರ ಹಿಂದಿರುವ ಹೀಬ್ರೂ ಪದದ ಮೂಲಾರ್ಥ ಉಸಿರು ಅಥವಾ ಆವಿ. ಇದನ್ನು ತಿಳಿದವರಿಗೆ ದೀಪದ ಬತ್ತಿ ಬೇರೆಯಾಗಿಯೇ ಕಾಣುತ್ತದೆ. ಲೈಡನ್‌ನ ಡೇವಿಡ್ ಬೈಲಿ 1651ರಲ್ಲಿ ಬರೆದ ದೊಡ್ಡ ವಾನಿಟಾಸ್‌ನಲ್ಲಿ ಎಣ್ಣೆದೀಪದ ಬದಲು ಮೇಣದಬತ್ತಿಯಿದೆ. ಅದೂ ಆರಿದೆ, ಹೊಗೆ ಇನ್ನೂ ಏಳುತ್ತಿದೆ. ಗ್ರಂಥದ ಆ 'ಉಸಿರು' ಇಲ್ಲಿ ಹೊಗೆಯ ರೂಪ ತಾಳಿದೆ.

ಇಂಥ ಚಿತ್ರವನ್ನು ಓದುವ ಮೊದಲ ಸೂತ್ರ ಇಲ್ಲಿಯೇ ಸಿಗುತ್ತದೆ. ಸಂಕೇತ ಇರುವುದು ವಸ್ತುವಿನಲ್ಲಲ್ಲ, ಅದರ ಸ್ಥಿತಿಯಲ್ಲಿ. ಉರಿಯುವ ಮೇಣದಬತ್ತಿ ಬರೀ ಬೆಳಕು. ಆರಿದ ಗಳಿಗೆಯ ಬತ್ತಿ ಆಯುಸ್ಸಿನ ಮಾತು. ನೆಟ್ಟಗೆ ನಿಂತ ಬಟ್ಟಲು ಊಟದ ಸಾಮಾನು; ಉರುಳಿದ ಬಟ್ಟಲು ಮುಗಿದ ಊಟ. ಕ್ಲಾಸ್ ಆ ಗಾಜಿನ ಮೇಲೆ ಪ್ರತಿಬಿಂಬಗಳನ್ನೂ ಮೂಡಿಸಿದ್ದಾನೆ. ನೋಡುವವನು ಒಂದು ಹೆಜ್ಜೆ ಸರಿದರೆ ಅಳಿಯುವಂಥವು ಅವು.

ಹಣ್ಣಿನ ವಿಷಯದಲ್ಲಿ ಈ ಸೂತ್ರ ತೊಡಕಿಗೆ ಸಿಲುಕುತ್ತದೆ. ಇದೇ ಕ್ಲಾಸ್ ಒಂದು ವರ್ಷ ಮೊದಲು, 1627ರಲ್ಲಿ, ಔತಣದ ಮೇಜೊಂದನ್ನು ಬರೆದ. ಆ ಚಿತ್ರ ಈಗ ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಮ್‌ನಲ್ಲಿದೆ. ಟರ್ಕಿಕೋಳಿಯ ಕಡುಬು, ಚೀನಾದ ಪಿಂಗಾಣಿಯಲ್ಲಿ ಹಣ್ಣುಗಳು, ಅರ್ಧ ಸಿಪ್ಪೆ ಸುಲಿದ ನಿಂಬೆ ಅಲ್ಲಿವೆ. ನೋಡಲು ಚೆಂದ, ಬಾಯಿಗೆ ಹುಳಿ. ಆದ್ದರಿಂದ ನಿಂಬೆ ಲೋಕಸುಖದ ಸಂಕೇತ ಎಂದು ಹಲವರು ಬರೆದಿದ್ದಾರೆ. ಆದರೆ ಆ ಕಾಲದ ಡಚ್ಚರು ಕಡಲ ಚಿಪ್ಪುಜೀವಿಗಳ ಜೊತೆ ನಿಂಬೆ ತಿನ್ನುತ್ತಿದ್ದರು. ಸುರುಳಿ ಸಿಪ್ಪೆಯನ್ನು ಬರೆಯುವುದು ಕುಂಚದ ಕೈಚಳಕಕ್ಕೂ ಒಂದು ಪರೀಕ್ಷೆಯಾಗಿತ್ತು.

ಕಲಾಚರಿತ್ರೆಕಾರರಲ್ಲೂ ಈ ಜಗಳವಿದೆ. ಎಡ್ಡಿ ಡಿ ಯೊಂಗ್ ಇಂಥ ವಸ್ತುಗಳ ಹಿಂದೆ ನೀತಿಯ ಅರ್ಥಗಳನ್ನು ಹುಡುಕಿದರು. ಸ್ವೆಟ್ಲಾನಾ ಆಲ್ಪರ್ಸ್ 1983ರ ತಮ್ಮ ಗ್ರಂಥದಲ್ಲಿ, ಡಚ್ ಚಿತ್ರಕಲೆಯ ಮುಖ್ಯ ಕೆಲಸ ಕಂಡ ಲೋಕವನ್ನು ವರ್ಣಿಸುವುದು ಎಂದು ವಾದಿಸಿದರು. ನಡುವಣ ದಾರಿಯೊಂದಿದೆ: ನೆರೆಯ ವಸ್ತುಗಳನ್ನು ಕೇಳುವುದು. ಹಣ್ಣಿನ ಪಕ್ಕದಲ್ಲಿ ಬುರುಡೆಯೋ ಗಡಿಯಾರವೋ ಆರಿದ ದೀಪವೋ ಇದ್ದರೆ, ಅಥವಾ ಹಣ್ಣು ಕೊಳೆತು ಹುಳು ಹಿಡಿದಿದ್ದರೆ, ಅದು ಸಾವಿನ ಮಾತಾಡುತ್ತದೆ. ಇಲ್ಲದಿದ್ದರೆ ಆ ಅರ್ಥವನ್ನು ಅದರ ಮೇಲೆ ಹೊರಿಸುವಾಗ ಎಚ್ಚರ ಬೇಕು.

ಆದರೆ ಅದೇ ಔತಣದ ಮೇಜಿನ ಮೇಲೆ ಇನ್ನೊಂದು ವಸ್ತುವಿದೆ: ಕಾಗದ ಸುತ್ತಿ ಮಾಡಿದ ಪೊಟ್ಟಣ, ಅದರಲ್ಲಿ ಮೆಣಸು. ಕರಾವಳಿಯಿಂದ ಬಂದವರಿಗೆ ಪೊಟ್ಟಣವನ್ನು ಯಾರೂ ಪರಿಚಯಿಸಬೇಕಿಲ್ಲ. ಆ ಮೆಣಸು ಸುಮಾತ್ರದ್ದೋ ಮಲಬಾರಿನದ್ದೋ ಎಂಬುದನ್ನು ಚಿತ್ರ ಹೇಳುವುದಿಲ್ಲ. ಹಾರ್ಲೆಮ್‌ನಲ್ಲಿ ಬೆಳೆದದ್ದಂತೂ ಅಲ್ಲ. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರ ಆ ಪೊಟ್ಟಣದಲ್ಲಿ ಕುಳಿತಿದೆ.

ಬೈಲಿಯ ಚಿತ್ರದಲ್ಲಿ ಬುರುಡೆಯ ಜೊತೆ ಮುತ್ತಿನ ಸರವೂ ಇದೆ. ಅವು ಯಾವ ಕಡಲಿನ ಮುತ್ತುಗಳೆಂದು ಹೇಳಲಾಗದು. ಆದರೆ ಮುತ್ತು ಎಂದರೇನೆಂದು ಕುವೈತ್‌ನ ಈ ದಡಕ್ಕೆ ಗೊತ್ತು. ತೈಲ ಬರುವ ಮುನ್ನ ಇಲ್ಲಿನ ಮುಳುಗುಗಾರರು ಮೂಗಿಗೆ ಚಿಮುಟ ಸಿಕ್ಕಿಸಿ, ಕಾಲಿಗೆ ಕಲ್ಲು ಕಟ್ಟಿ ಕಡಲಿಗಿಳಿಯುತ್ತಿದ್ದರು. ಮುಂಗಡ ಸಾಲ ಅವರನ್ನು ಹಡಗಿನ ನಾಖುದನಿಗೆ ಕಟ್ಟಿಹಾಕುತ್ತಿತ್ತು. ಉಸಿರು ಹಿಡಿದು ದುಡಿದವರು ಅವರು. ಚಿತ್ರಕಾರನ 'ಉಸಿರು' ಮಾತ್ರ ಮುತ್ತು ಧರಿಸುವವಳದು.

ವಾನಿಟಾಸ್‌ನ ಬಲವೂ ಮಿತಿಯೂ ಇಲ್ಲಿವೆ. ಬುರುಡೆ ಎಲ್ಲರನ್ನೂ ಸಮ ಮಾಡುತ್ತದೆ. ಅದಕ್ಕೆ ಕುಲವಿಲ್ಲ, ಹೆಸರಿಲ್ಲ. ಸಿರಿವಂತನಿಗೆ 'ನೀನೂ ಸಾಯುವೆ' ಎನ್ನುತ್ತದೆ, 'ಇದನ್ನು ಯಾರು ತಂದುಕೊಟ್ಟರು' ಎಂದು ಕೇಳುವುದಿಲ್ಲ. ವೈಭವ ಕ್ಷಣಿಕ ಎಂದು ಸಾರುವ ಚಿತ್ರವೂ ಗೋಡೆಯ ಮೇಲಿನ ಬೆಲೆಯುಳ್ಳ ಸರಕೇ ಆಗಿತ್ತು. ಆ ಪ್ರಶ್ನೆಯನ್ನು ಕೇಳಬೇಕಾದವರು ನೋಡುಗರು.

ಮುಂದೆ ಎಲ್ಲಾದರೂ ಇಂಥ ಚಿತ್ರದೆದುರು ನಿಂತಾಗ ಬುರುಡೆಯನ್ನು ಮೊದಲು ನೋಡಿ, ಅದು ಬೇಗ ಅರ್ಥವಾಗುತ್ತದೆ. ಆಮೇಲೆ ಬತ್ತಿ ಆರಿದೆಯೇ, ಹಣ್ಣು ಕೊಳೆತಿದೆಯೇ ನೋಡಿ. ಕೊನೆಗೆ ಮೇಜಿನ ಅಂಚಿನಲ್ಲಿ ಎಲ್ಲಾದರೂ ಪೊಟ್ಟಣವಿದೆಯೇ ಎಂದು ಹುಡುಕಿ. ಶುವೈಖ್ ಬಂದರಿನಲ್ಲಿ ಪೆಟ್ಟಿಗೆಗಳು ಇಳಿಯುವುದನ್ನು ಕಂಡ ಕಣ್ಣಿಗೆ ಅದು ತಪ್ಪಿಸಿಕೊಳ್ಳಲಾರದು.