ಬಂಗಾರದ ಬಿಲ್ಲು ಓದೋಣ



ಮಗಳ ಮದುವೆ ಅಂದರೆ ಒಂದು ಸರವಾದರೂ ಬೇಕು. ಅಂಗಡಿಗೆ ಹೋದಾಗ ನಾವು ಕೇಳೋದು ಒಂದೇ ಮಾತು. "ಇವತ್ತು ಗ್ರಾಂಗೆ ಎಷ್ಟು?" ಆದರೆ ಬಿಲ್ಲು ಬಂದಾಗ ಹಣ ಬಹಳ ಹೆಚ್ಚಿರುತ್ತದೆ. ಅದು ಎಲ್ಲಿಂದ ಬಂತು? ಒಂದು ಬಿಲ್ಲನ್ನು ಸಾಲು ಸಾಲಾಗಿ ಓದೋಣ.

ನಮ್ಮ ಸರದ ತೂಕ 10 ಗ್ರಾಂ. ಲೆಕ್ಕ ಸುಲಭವಾಗಲಿ, ಗ್ರಾಂಗೆ 10,000 ರೂಪಾಯಿ ಎಂದುಕೊಳ್ಳೋಣ. ಚಿನ್ನದ ಬೆಲೆ 1,00,000 ರೂಪಾಯಿ ಆಯಿತು.

ಎರಡನೇ ಸಾಲು ವೇಸ್ಟೇಜು. ಚಿನ್ನ ಕರಗಿಸುವಾಗ, ಅರ ಹಾಕುವಾಗ ಸ್ವಲ್ಪ ಪುಡಿ ಹೋಗುತ್ತದೆ. ಅದಕ್ಕೆಂದು ಹಾಕುವ ಹಣ ಇದು. ನೂರಕ್ಕೆ 8 ಅಂದರೆ 0.8 ಗ್ರಾಂ. ಅದಕ್ಕೆ 8,000 ರೂಪಾಯಿ. ಈ 0.8 ಗ್ರಾಂ ನಮ್ಮ ಸರದಲ್ಲಿ ಇರುವುದಿಲ್ಲ! ಯಂತ್ರದಲ್ಲಿ ಮಾಡಿದ ಸರಕ್ಕೆ ಅಷ್ಟು ಚಿನ್ನ ಹಾಳಾಗುವುದೂ ಇಲ್ಲ. ಆದ್ದರಿಂದ ಇಲ್ಲಿ ಚೌಕಾಸಿ ಮಾಡಬಹುದು.

ಮೂರನೇ ಸಾಲು ಮಜೂರಿ, ಅಂದರೆ ಮಾಡಿದ ಕೂಲಿ. ಗ್ರಾಂಗೆ 300ರಂತೆ 3,000 ರೂಪಾಯಿ.

ಈಗ ಒಟ್ಟು 1,11,000. ಇದರ ಮೇಲೆ ನೂರಕ್ಕೆ 3ರಂತೆ ಜಿಎಸ್‌ಟಿ ತೆರಿಗೆ 3,330. ಹಾಲ್‌ಮಾರ್ಕ್ ಶುಲ್ಕ ಒಂದು ಒಡವೆಗೆ 45 ರೂಪಾಯಿ. ಅದರ ತೆರಿಗೆ ಸೇರಿ 53. ಎಲ್ಲಾ ಕೂಡಿದರೆ 1,14,383 ರೂಪಾಯಿ.

ಪಕ್ಕದ ಅಂಗಡಿಯಲ್ಲಿ "ಮಜೂರಿ ಇಲ್ಲ" ಎಂದು ಬೋರ್ಡು ಹಾಕಿದ್ದಾರೆ. ಆದರೆ ಅಲ್ಲಿ ವೇಸ್ಟೇಜು ನೂರಕ್ಕೆ 14. ಅದೇ ತೂಕದ ಸರಕ್ಕೆ ಅಲ್ಲಿ ಎಷ್ಟಾಯಿತು? ಚಿನ್ನಕ್ಕೆ 1,00,000, ವೇಸ್ಟೇಜಿಗೆ 14,000, ತೆರಿಗೆ 3,420, ಹಾಲ್‌ಮಾರ್ಕಿಗೆ 53. ಒಟ್ಟು 1,17,473. ಮಜೂರಿ ಇಲ್ಲದ ಅಂಗಡಿಯಲ್ಲೇ 3,090 ರೂಪಾಯಿ ಹೆಚ್ಚು! ಆದ್ದರಿಂದ ಮಜೂರಿ ಎಷ್ಟು, ವೇಸ್ಟೇಜು ಎಷ್ಟು ಎಂದು ಬೇರೆ ಬೇರೆ ಕೇಳಿ ಸುಮ್ಮನಾಗಬಾರದು. ಎರಡನ್ನೂ ಕೂಡಿಸಿ ನೋಡಬೇಕು. ಮುಂದೆ ಕಷ್ಟಕಾಲದಲ್ಲಿ ಸರ ಮಾರಲು ಹೋದರೆ ಚಿನ್ನಕ್ಕೆ ಮಾತ್ರ ಬೆಲೆ ಕಟ್ಟುತ್ತಾರೆ. ಈ ಎರಡು ಸಾಲಿನ ಹಣ ವಾಪಸು ಬರುವುದಿಲ್ಲ.

ಸರದಲ್ಲಿ ಕಲ್ಲು ಇದ್ದರೆ ಕಲ್ಲಿನ ತೂಕ ಕಳೆಯಿರಿ ಎನ್ನಿ. ಕಲ್ಲಿಗೆ ಚಿನ್ನದ ಬೆಲೆ ಕೊಡಬಾರದು.

ಇನ್ನು ಹಾಲ್‌ಮಾರ್ಕ್. ಅದು ಚಿನ್ನ ಎಷ್ಟು ಶುದ್ಧ ಎಂದು ಹೇಳುವ ಗುರುತು. ವೇಸ್ಟೇಜು, ಮಜೂರಿ ಸರಿಯಿದೆ ಎಂದು ಅದು ಹೇಳುವುದಿಲ್ಲ. ಅಂಗಡಿಯವರ ಹತ್ತಿರ ಭೂತಗನ್ನಡಿ ಕೇಳಿ ಪಡೆದು ಒಡವೆ ನೋಡಬೇಕು. ಮೂರು ಗುರುತು ಇರಬೇಕು. ಒಂದು, ಬಿಐಎಸ್ ಸಂಸ್ಥೆಯ ತ್ರಿಕೋನ ಚಿಹ್ನೆ. ಎರಡು, 22K916. ಅಂದರೆ ಸಾವಿರ ಭಾಗದಲ್ಲಿ 916 ಭಾಗ ಚಿನ್ನ. ಮೂರು, ಅಕ್ಷರ ಮತ್ತು ಅಂಕಿ ಕೂಡಿದ ಆರು ಗುರುತುಗಳ ಒಂದು ಸಂಖ್ಯೆ. ಇದು 2023ರ ಏಪ್ರಿಲ್ 1ರಿಂದ ಕಡ್ಡಾಯ. ಈ ಸಂಖ್ಯೆಯನ್ನು ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾವ ಒಡವೆ, ಎಷ್ಟು ಶುದ್ಧ ಎಂದು ಕಾಣುತ್ತದೆ. ನಮ್ಮ ಕೈಯಲ್ಲಿ ಸರ ಇದ್ದು ಆ್ಯಪ್ ಬಳೆ ಎಂದು ತೋರಿಸಿದರೆ ಕೊಳ್ಳಬೇಡಿ.

ಕೊನೆಗೆ ಒಂದು ಮಾತು. ಚೀಟಿಯಲ್ಲಿ ಬರೆದುಕೊಟ್ಟ ಲೆಕ್ಕ ಬಿಲ್ಲಲ್ಲ. ತೂಕ, ಶುದ್ಧತೆ, ಹಾಲ್‌ಮಾರ್ಕ್ ಶುಲ್ಕ ಎಲ್ಲವನ್ನೂ ಬರೆದ ಪಕ್ಕಾ ಬಿಲ್ಲು ಪಡೆಯಿರಿ. ಹಣ ಕೊಡುವ ಮೊದಲು ಒಂದೊಂದು ಸಾಲನ್ನೂ ಓದಿ, ನೀವೇ ಕೂಡಿ ನೋಡಿ.