ರಾಗಿಯ ಕಬ್ಬಿಣ ಮೈಗೆ ಹತ್ತುವುದು ಹೇಗೆ?

(ಗ್ರಾಮಸ್ಥರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಸುಣ್ಣದ ಅಂಶ ಹೆಚ್ಚಾಗಿರುವ ಹೊಲದಲ್ಲಿ ಕಡಲೆಕಾಯಿ ಬಿತ್ತಿದವರು ಒಂದು ಸಂಗತಿ ಕಂಡಿರಬಹುದು. ಗಿಡದ ಹೊಸ ಎಲೆ ಹಳದಿಗೆ ತಿರುಗುತ್ತದೆ. ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಅದು ಕಬ್ಬಿಣದ ಕೊರತೆ. ಆ ಮಣ್ಣಿನಲ್ಲಿ ಕಬ್ಬಿಣವಿಲ್ಲವೆಂದಲ್ಲ. ಇದೆ, ಆದರೆ ಬೇರಿಗೆ ಸಿಕ್ಕುವ ರೂಪದಲ್ಲಿಲ್ಲ. ನಮ್ಮ ಊಟದ ಕಥೆಯೂ ಹೀಗೆಯೇ. ರಾಗಿಯಲ್ಲಿ ಕಬ್ಬಿಣವಿದೆ, ಹುರುಳಿಯಲ್ಲಿ ಇನ್ನೂ ಹೆಚ್ಚಿದೆ. ಆದರೂ ಇವನ್ನೇ ಉಣ್ಣುವ ಮನೆಗಳಲ್ಲಿ ಹೆಂಗಸರು, ಮಕ್ಕಳು ರಕ್ತಹೀನತೆಯಿಂದ ಬಳಲುತ್ತಾರೆ.

ಉಸಿರಿನಿಂದ ಬಂದ ಪ್ರಾಣವಾಯುವನ್ನು ಮೈಯೆಲ್ಲಕ್ಕೂ ಹೊತ್ತೊಯ್ಯುವುದು ರಕ್ತದ ಕೆಂಪು ಕಣ. ಅದು ತಯಾರಾಗಲು ಕಬ್ಬಿಣ ಬೇಕು. ಕಬ್ಬಿಣ ಸಾಲದೆ ಹೋದಾಗ ದೇಹವು ಮೊದಲು ಪಿತ್ತಜನಕಾಂಗ ಮುಂತಾದ ಕಡೆ ಕೂಡಿಟ್ಟದ್ದನ್ನು ತೆಗೆದು ಬಳಸುತ್ತದೆ. ಕಣಜ ಖಾಲಿಯಾಗುವ ತನಕ ಊಟದ ತಟ್ಟೆಯಲ್ಲಿ ಕೊರತೆ ಕಾಣದಲ್ಲವೇ? ಇದೂ ಹಾಗೆಯೇ. ಕಣಜ ಬರಿದಾದ ಮೇಲೆ ರಕ್ತ ತೆಳುವಾಗುತ್ತದೆ. ಕಳೆ ಕೀಳುವಾಗ ಬೇಗನೆ ಸುಸ್ತು, ದಿಣ್ಣೆ ಹತ್ತಿದರೆ ಏದುಸಿರು, ಎದೆಬಡಿತ, ತಲೆಸುತ್ತು ಕಾಣಿಸುತ್ತವೆ. ಕೆಳಗಿನ ರೆಪ್ಪೆಯ ಒಳಭಾಗ, ನಾಲಿಗೆ, ಉಗುರು ಬಿಳಿಚಿಕೊಳ್ಳುತ್ತವೆ. ಕೆಲವರಿಗೆ ಮಣ್ಣು, ಹಸಿ ಅಕ್ಕಿ ತಿನ್ನುವ ಆಸೆ ಹುಟ್ಟುತ್ತದೆ. ಬೈದರೆ ಅದು ಬಿಡದು. ಮುಟ್ಟಿನಲ್ಲಿ ರಕ್ತ ಹೋಗುವುದರಿಂದಲೂ, ಬಸುರಿನಲ್ಲಿ ಮಗುವಿಗೂ ಪಾಲು ಕೊಡಬೇಕಾದುದರಿಂದಲೂ ಈ ತೊಂದರೆ ಹೆಂಗಸರಿಗೇ ಹೆಚ್ಚು.

ಈಗ ಒಂದು ಲೆಕ್ಕ ಹಾಕೋಣ. ಹನೂರು ಕಡೆಯ ಒಕ್ಕಲು ಮನೆಯೊಂದರ ಗೃಹಿಣಿ ದಿನಕ್ಕೆ 150 ಗ್ರಾಂ ಹಿಟ್ಟಿನ ಮುದ್ದೆ, 150 ಗ್ರಾಂ ಅಕ್ಕಿಯ ಅನ್ನ, ತೆಳುವಾದ ಬೇಳೆಸಾರು ಉಣ್ಣುತ್ತಾಳೆ ಎನ್ನಿ. ರಾಗಿಯಿಂದ ಸುಮಾರು 7 ಮಿಲಿಗ್ರಾಂ ಕಬ್ಬಿಣ, ಪಾಲಿಷ್ ಮಾಡಿದ ಅಕ್ಕಿಯಿಂದ 1, ಸಾರಿನಿಂದ 1: ಒಟ್ಟು 9. ಆಕೆಗೆ ಬೇಕಾದುದು 29. ಸಾರಿಗೆ 50 ಗ್ರಾಂ ಹುರುಳಿ, 100 ಗ್ರಾಂ ದಂಟಿನ ಸೊಪ್ಪು ಸೇರಿಸಿದರೆ ಒಂದೊಂದರಿಂದಲೂ ನಾಲ್ಕರ ಮೇಲೆ ಸಿಕ್ಕಿ, ಮೊತ್ತ ಸುಮಾರು 18ಕ್ಕೆ ಏರುತ್ತದೆ. ಇನ್ನೂ ಸಾಲದು. ಅದರಲ್ಲಿಯೂ ಕಾಳು, ಸೊಪ್ಪಿನ ಕಬ್ಬಿಣದಲ್ಲಿ ನೂರಕ್ಕೆ ಹತ್ತು ಪಾಲು ಮೈಗೆ ಹತ್ತುವುದೂ ಕಷ್ಟ. ಆದುದರಿಂದ ತಿಂದದ್ದು ಹತ್ತುವಂತೆ ಮಾಡುವುದೇ ಮುಖ್ಯ. ಇದಕ್ಕೆ ಮೂರು ಮಾರ್ಗಗಳಿವೆ.

ಮೊದಲನೆಯದು ಹುಳಿ. ನಿಂಬೆ, ನೆಲ್ಲಿ, ಸೀಬೆಗಳಲ್ಲಿರುವ ಸಿ ಜೀವಸತ್ವವು ಕಬ್ಬಿಣವನ್ನು ಕರುಳು ಹೀರಬಲ್ಲ ರೂಪಕ್ಕೆ ತರುತ್ತದೆ. ಕಾಯಿಸಿದರೆ ಈ ಸತ್ವ ಕೆಡುವುದರಿಂದ ನಿಂಬೆರಸವನ್ನು ಒಲೆಯ ಮೇಲಿರುವ ಸಾರಿಗಲ್ಲ, ತಟ್ಟೆಗೆ ಬಡಿಸಿದ ಸಾರಿಗೆ ಹಿಂಡಬೇಕು. ಉಂಡ ಕೂಡಲೇ ಒಂದು ಸೀಬೆಹಣ್ಣು ತಿಂದರೂ ಆದೀತು.

ಎರಡನೆಯದು ಮೊಳಕೆ. ಕಾಳಿನ ಸಿಪ್ಪೆಯಲ್ಲಿ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಅಂಶವಿದೆ. ಮೊಳೆತಾಗ ಅದು ಕಡಿಮೆಯಾಗುತ್ತದೆ. ಹುರುಳಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಕಂಡ ಮೇಲೆ ಸಾರು ಮಾಡಿ. ಮೊಳೆತ ರಾಗಿಯನ್ನು ಒಣಗಿಸಿ, ಹುರಿದು, ಬೀಸಿ ಮಕ್ಕಳಿಗೆ ಅಂಬಲಿ ಕಾಯಿಸಬಹುದು.

ಮೂರನೆಯದು ಟೀ, ಕಾಫಿಯ ಹೊತ್ತು. ಇವುಗಳ ಒಗರು ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಟೀ ಬಿಡಬೇಕಾಗಿಲ್ಲ, ಊಟಕ್ಕೂ ಅದಕ್ಕೂ ಒಂದು ಗಂಟೆಯಾದರೂ ಅಂತರವಿರಲಿ. ಖರ್ಚಿಲ್ಲದ ಮಾರ್ಗ ಇದೇ.

ಮಾಂಸ, ಮೀನು, ಕುರಿಯ ಈಲಿ ತಿನ್ನುವವರಿಗೆ ಅವುಗಳ ಕಬ್ಬಿಣ ಸುಲಭವಾಗಿ ಹತ್ತುತ್ತದೆ. ಜೊತೆಗೆ ಉಂಡ ಕಾಳುಸೊಪ್ಪಿನದೂ ಚೆನ್ನಾಗಿ ಹತ್ತುತ್ತದೆ. ಹುಣಿಸೆ ಹಾಕಿದ ಗೊಜ್ಜನ್ನು ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಬಾಣಲೆಯ ಕಬ್ಬಿಣವೂ ಸ್ವಲ್ಪ ಸೇರುತ್ತದೆ. ಆದರೆ ಬೀಟ್‌ರೂಟಿನಂತೆ ಕೆಂಪಾದುದೆಲ್ಲ ರಕ್ತ ಕೊಡುತ್ತದೆಂಬುದು ಸರಿಯಲ್ಲ. ಬಣ್ಣಕ್ಕೂ ಕಬ್ಬಿಣಕ್ಕೂ ಸಂಬಂಧವಿಲ್ಲ.

ಇವೆಲ್ಲ ಕೊರತೆ ಬಾರದಂತೆ ತಡೆಯುವ ಕ್ರಮಗಳು. ರಕ್ತ ಆಗಲೇ ಇಳಿದಿದ್ದರೆ ಊಟವೊಂದೇ ಸಾಲದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹೆಂಗಸರಿಗೆ 12, ಬಸುರಿಯರಿಗೆ 11, ಗಂಡಸರಿಗೆ 13 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆಯನ್ನು ದಿನಕ್ಕೊಂದರಂತೆ 180 ದಿನ ನುಂಗಬೇಕು. ಮಲ ಕಪ್ಪಾದರೆ ಹೆದರಬೇಡಿ. ಅದು ಮಾತ್ರೆಯ ಬಣ್ಣ. ಹೊಟ್ಟೆ ತೊಳಸಿದರೆ ಊಟದ ನಂತರ ನುಂಗಿ. ಟೀ ಜೊತೆಗೆ ಬೇಡ.

ಎಲ್ಲ ರಕ್ತಹೀನತೆಯೂ ಊಟದ ಕೊರತೆಯಿಂದಲೇ ಬರುವುದಿಲ್ಲ. ಬರಿಗಾಲಿನಲ್ಲಿ ನಡೆದಾಗ ಅಂಗಾಲಿನಿಂದ ಮೈಯೊಳಗೆ ಹೋಗುವ ಕೊಕ್ಕೆಹುಳು ಕರುಳಿನಲ್ಲಿ ರಕ್ತ ಹೀರುತ್ತದೆ. ಅದಕ್ಕೆ ಜಂತುಹುಳುವಿನ ಮಾತ್ರೆ, ಚಪ್ಪಲಿ, ಕಕ್ಕಸು ಬೇಕು. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕೆಲವರಿಗೆ ವಂಶದಿಂದ ಬರುವ ಕುಡಗೋಲು ಕಣದ ರಕ್ತಹೀನತೆಯಿದೆ. ಅದು ಕಬ್ಬಿಣದಿಂದ ಗುಣವಾಗದು. ಆದುದರಿಂದ ಮೂರು ತಿಂಗಳು ಸರಿಯಾಗಿ ಮಾತ್ರೆ ನುಂಗಿದರೂ ರಕ್ತ ಏರದಿದ್ದರೆ ಮಾತ್ರೆಯನ್ನು ಹಳಿಯದೆ ವೈದ್ಯರಲ್ಲಿಗೆ ಹೋಗಿ ಕಾರಣ ಕೇಳಿ.

ಬೇಲಿಯ ನುಗ್ಗೆ, ಹಿತ್ತಲ ದಂಟು, ಬಚ್ಚಲ ನೀರು ಹರಿಯುವಲ್ಲಿ ಒಂದು ನಿಂಬೆ ಗಿಡ, ಇಷ್ಟಿದ್ದರೆ ಸಾರಿಗೆ ಬೇಕಾದದ್ದು ಮನೆಯಲ್ಲೇ ಸಿಕ್ಕುತ್ತದೆ.